ಸನದು ಸರಿ ಇದ್ದರೂ ಮಾತು ಸರಿ ಇರಲಿಕ್ಕಿಲ್ಲ: ಹದೀಸ್ ಪರೀಕ್ಷಕರು ಅಡಗಿದ ದೋಷ ಹಿಡಿಯುವ ಬಗೆ

ಇವತ್ತು ಹದೀಸ್ ಬಗ್ಗೆ ಮಾತಾಡೋಣ. ಧರ್ಮದ ಉಪದೇಶ ಹೇಳಲಿಕ್ಕೆ ನಾನು ಬಂದಿಲ್ಲ. ಒಂದು ಮಾತು ಬಾಯಿಂದ ಬಾಯಿಗೆ ಇನ್ನೂರು ವರ್ಷ ಸಾಗಿ ಬಂದಾಗ, ಅದು ದಾರಿಯಲ್ಲಿ ಎಲ್ಲಿ ಕೆಟ್ಟಿತು ಅಂತ ಪತ್ತೆ ಹಚ್ಚೋದು ಹೇಗೆ ಅನ್ನೋದು ಇವತ್ತಿನ ವಿಷಯ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯವರಿಗೆ ಈ ವಿದ್ಯೆಯ ಎರಡು ಶಬ್ದ ಮೊದಲೇ ಗೊತ್ತಿವೆ. ಒಂದು, ಸನದು. ನಮ್ಮ ಕಡೆ ಹಳೇ ಮನೆತನದವರು ‘ನಮ್ಮ ಹೊಲಕ್ಕ ಸನದು ಐತಿ’ ಅಂತಾರೆ. ಅಂದ್ರೆ ಆಧಾರದ ಕಾಗದ. ಅರಬ್ಬಿಯಲ್ಲೂ ಸನದ್ ಅಂದ್ರೆ ಆಧಾರ, ಆನಿಕೆ. ಹದೀಸಿನಲ್ಲಿ ಸನದು ಅಂದ್ರೆ ಹೆಸರುಗಳ ಸರಪಳಿ: ನನಗೆ ಇಂಥವರು ಹೇಳಿದರು, ಅವರಿಗೆ ಇಂಥವರು, ಅವರಿಗೆ ಇಂಥವರು, ಹೀಗೆ ಪ್ರವಾದಿ ಮುಹಮ್ಮದರ ತನಕ. ಇನ್ನೊಂದು ಶಬ್ದ, ಸಹೀಹ್. ಅಂದ್ರೆ ಸರಿಯಾದದ್ದು, ದೃಢವಾದದ್ದು. ನಾವು ಕಾಗದದ ಕೆಳಗೆ ಮಾಡೋ ‘ಸಹಿ’ ಇದೇ ಶಬ್ದದಿಂದ ಬಂದದ್ದು.

ಹದೀಸ್ ಸಹೀಹ್ ಅನ್ನಿಸಿಕೊಳ್ಳಬೇಕಾದರೆ ಐದು ಶರತ್ತು. ಸರಪಳಿಯಲ್ಲಿ ಎಲ್ಲೂ ಕೊಂಡಿ ತಪ್ಪಿರಬಾರದು. ಹೇಳಿದ ಪ್ರತಿಯೊಬ್ಬರೂ ಪ್ರಾಮಾಣಿಕರಾಗಿರಬೇಕು. ಪ್ರತಿಯೊಬ್ಬರ ನೆನಪೂ ಗಟ್ಟಿ ಇರಬೇಕು. ಇವು ಮೂರು. ಇವನ್ನ ಪುಸ್ತಕ ತೆಗೆದು ಹೆಸರು ಹುಡುಕಿ ನೋಡಬಹುದು. ಉಳಿದ ಎರಡು ಹಾಗಲ್ಲ. ಇವರಿಗಿಂತ ಗಟ್ಟಿ ಇರೋವರು ಹೇಳಿದ್ದಕ್ಕೆ ಇದು ವಿರುದ್ಧವಾಗಿರಬಾರದು. ಮತ್ತು ಒಳಗೆ ‘ಇಲ್ಲತ್’ ಇರಬಾರದು. ಇಲ್ಲತ್ ಅಂದ್ರೆ ರೋಗ. ಮೈ ಮೇಲೆ ಕಾಣೋ ಗಾಯ ಅಲ್ಲ, ಒಳಗಿನ ರೋಗ. ಮನುಷ್ಯ ನೋಡಲಿಕ್ಕೆ ಗಟ್ಟಿಮುಟ್ಟಾಗಿ ಇರ್ತಾನೆ, ರಕ್ತ ಪರೀಕ್ಷೆ ಮಾಡಿದಾಗ ಗೊತ್ತಾಗುತ್ತೆ.

ಇಲ್ಲಿ ಒಂದು ವಿಚಿತ್ರ ಇದೆ. ಸುಳ್ಳುಗಾರ ಹೇಳಿದ ಖೊಟ್ಟಿ ಹದೀಸ್ ಹಿಡಿಯೋದು ಸುಲಭ. ಅವನ ಹೆಸರು ಕಂಡ ಕೂಡಲೇ ಬದಿಗೆ ಇಡ್ತಾರೆ. ಕಷ್ಟ ಇರೋದು ಒಳ್ಳೆಯವರ ತಪ್ಪಿನಲ್ಲಿ. ಇಲ್ಲತ್ ಯಾವಾಗಲೂ ನಂಬಿಗಸ್ತರ ಹದೀಸಿನಲ್ಲೇ ಅಡಗಿರುತ್ತೆ. ಯಾಕಂದ್ರೆ ಅಲ್ಲಿ ಯಾರೂ ಅನುಮಾನ ಪಡೋದಿಲ್ಲ. ಅಂಥ ಮೂರು ಪ್ರಕರಣ ಹೇಳ್ತೀನಿ, ನಿಧಾನವಾಗಿ ಕೇಳ್ರಿ.

‘ಹೇಳಿದರು’ ಮತ್ತು ‘ಹೇಳಿದರಂತೆ’

ಮೊದಲನೆಯದು, ಮುಚ್ಚಿದ ಕಂದಕ. ಕನ್ನಡದಲ್ಲಿ ನಮಗೆ ಒಂದು ದೊಡ್ಡ ಅನುಕೂಲ ಇದೆ. ‘ಮಾವ ಹೇಳಿದ’ ಅಂದ್ರೆ ಒಂದು ಅರ್ಥ, ‘ಮಾವ ಹೇಳಿದನಂತೆ’ ಅಂದ್ರೆ ಇನ್ನೊಂದು. ಆ ಒಂದು ‘ಅಂತೆ’ ಬಂದ್ರೆ ಸಾಕು, ನೀವು ಸ್ವತಃ ಕೇಳಿಲ್ಲ, ನಡುವೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ.

ಅರಬ್ಬಿ ಸನದಿನಲ್ಲಿ ‘ಅನ್’ ಅಂತ ಒಂದು ಪುಟ್ಟ ಶಬ್ದ ಬರುತ್ತೆ. ಅದರ ಅರ್ಥ ‘ಇಂಥವರ ಕಡೆಯಿಂದ’ ಅಂತ ಮಾತ್ರ. ನೇರವಾಗಿ ಕೇಳಿದ್ದಕ್ಕೂ ಅದೇ, ನಡುವೆ ಒಬ್ಬರನ್ನ ಬಿಟ್ಟು ಹೇಳಿದ್ದಕ್ಕೂ ಅದೇ. ‘ಹದ್ದಸನಾ’ ಅಂದ್ರೆ ‘ನಮಗೆ ಹೇಳಿದರು’. ಅಲ್ಲಿ ಸಂಶಯಕ್ಕೆ ಜಾಗ ಇಲ್ಲ. ಆದರೆ ‘ಅನ್’ ಅಂದಾಗ ಬಾಗಿಲು ಅರ್ಧ ತೆರೆದಿರುತ್ತೆ. ಆ ಅರ್ಧ ಬಾಗಿಲಿನಿಂದ ನಡುವಿನವರನ್ನ ಹೊರಗೆ ಕಳಿಸೋದಕ್ಕೆ ‘ತದ್ಲೀಸ್’ ಅಂತ ಹೆಸರು. ಮಜಾ ಏನಂದ್ರೆ, ಹಾಗೆ ಮಾಡಿದವರು ಸುಳ್ಳು ಹೇಳಿರೋದಿಲ್ಲ. ‘ಅನ್’ ಅಂದಿದ್ದಾರೆ, ಅಷ್ಟೇ.

ಮಕ್ಕಾದಲ್ಲಿ ನೆಲೆಸಿದ್ದ ಸುಫ್ಯಾನ್ ಬಿನ್ ಉಯೈನಾ ಅಂತ ದೊಡ್ಡ ವಿದ್ವಾಂಸರು. ಹಿಜರಿ 198ರಲ್ಲಿ, ಅಂದ್ರೆ ಕ್ರಿ.ಶ. 814ರಲ್ಲಿ ತೀರಿಕೊಂಡರು. ಅವರ ಗುರುಗಳಲ್ಲಿ ಒಬ್ಬರು ಮದೀನಾದ ಝುಹ್ರಿ. ಇವರು ಝುಹ್ರಿ ಹತ್ತಿರ ನೇರವಾಗಿ ನೂರಾರು ಹದೀಸ್ ಕೇಳಿದವರು. ಒಂದು ದಿನ ಪಾಠದಲ್ಲಿ ಒಂದು ಹದೀಸ್ ಎತ್ತಿ ‘ಝುಹ್ರಿ’ ಅಂತ ಶುರು ಮಾಡಿದರು. ಕೂತವರೊಬ್ಬರು ಕೇಳಿದರು, ಝುಹ್ರಿ ನಿಮಗೆ ಹೇಳಿದರೇ ಅಂತ. ಸುಫ್ಯಾನ್ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ‘ಝುಹ್ರಿ ಅಂದರು’ ಅಂತ ಮುಂದುವರಿಸಿದರು. ಮತ್ತೆ ಕೇಳಿದರು, ಇದನ್ನ ನೀವು ಝುಹ್ರಿಯವರಿಂದ ಕೇಳಿದ್ದೀರಾ? ಆಗ ಅವರು ಬಿಚ್ಚಿ ಹೇಳಿದರು. ಝುಹ್ರಿಯವರಿಂದಲೂ ಕೇಳಿಲ್ಲ, ಝುಹ್ರಿಯವರಿಂದ ಕೇಳಿದವರಿಂದಲೂ ಕೇಳಿಲ್ಲ. ಯೆಮೆನ್‌ನ ಅಬ್ದುರ್ರಝಾಕ್ ಹೇಳಿದ್ದು. ಅವರಿಗೆ ಮಅಮರ್ ಹೇಳಿದ್ದು. ಮಅಮರ್‌ಗೆ ಝುಹ್ರಿ ಹೇಳಿದ್ದು.

ಲೆಕ್ಕ ಹಾಕ್ರಿ. ಸುಫ್ಯಾನ್ ಮತ್ತು ಝುಹ್ರಿ ನಡುವೆ ಇಬ್ಬರು ಇದ್ದರು, ಇಬ್ಬರೂ ಮಾಯ. ಅದರಲ್ಲೂ ಅಬ್ದುರ್ರಝಾಕ್ ವಯಸ್ಸಿನಲ್ಲಿ ಸುಫ್ಯಾನ್‌ಗಿಂತ ಸುಮಾರು 20 ವರ್ಷ ಚಿಕ್ಕವರು. ಸುಫ್ಯಾನ್ ಝುಹ್ರಿಯವರ ಶಿಷ್ಯರು ಅನ್ನೋದು ಊರಿಗೆಲ್ಲ ಗೊತ್ತಿರೋ ಸಂಗತಿ. ಹೀಗಾಗಿ ಈ ಕಂದಕ ಹೊರಗಿನಿಂದ ನೋಡಿದವರಿಗೆ ಕಾಣೋದೇ ಇಲ್ಲ. ಇಬ್ಬರು ಭೇಟಿಯೇ ಆಗಿಲ್ಲ ಅಂದ್ರೆ ಕೊಂಡಿ ತಪ್ಪಿದೆ ಅಂತ ತಾರೀಖು ನೋಡಿ ಹೇಳಬಹುದು. ಭೇಟಿ ಆದವರ ನಡುವೆಯೇ ಕೊಂಡಿ ತಪ್ಪಿದ್ದರೆ ತಾರೀಖು ಏನೂ ಸಹಾಯ ಮಾಡೋದಿಲ್ಲ.

ಇಲ್ಲಿ ಬಿಟ್ಟುಹೋದ ಇಬ್ಬರೂ ನಂಬಿಗಸ್ತರೇ. ಆದ್ದರಿಂದ ಹಾನಿ ಆಗಲಿಲ್ಲ. ಸುಫ್ಯಾನ್ ಬಿಟ್ಟರೆ ಗಟ್ಟಿ ಜನರನ್ನೇ ಬಿಡ್ತಾರೆ ಅಂತ ನಂತರದ ಪರೀಕ್ಷಕರು ಅವರಿಗೆ ವಿನಾಯಿತಿ ಕೊಟ್ಟರು. ಆದರೆ ಕೆಲವರು ದುರ್ಬಲರನ್ನ ಬಿಟ್ಟು ಮೇಲಿನ ದೊಡ್ಡ ಹೆಸರಿಗೆ ಜಿಗಿಯುತ್ತಿದ್ದರು. ಅಂಥವರು ‘ಅನ್’ ಅಂದಾಗ ಹದೀಸ್ ನಿಲ್ಲೋದಿಲ್ಲ, ‘ನಮಗೆ ಹೇಳಿದರು’ ಅಂತ ಎಲ್ಲಾದರೂ ಸಿಕ್ಕರೆ ಮಾತ್ರ ನಿಲ್ಲುತ್ತೆ.

ಇದನ್ನ ಸ್ಥಳದಲ್ಲೇ ಹಿಡಿದವರೂ ಇದ್ದಾರೆ. ಈಜಿಪ್ಟ್‌ನ ಲೈಸ್ ಬಿನ್ ಸಅದ್ ಮಕ್ಕಾಕ್ಕೆ ಬಂದು ಅಬೂ ಝುಬೈರ್ ಅನ್ನೋರ ಹತ್ತಿರ ಹೋದರು. ಅಬೂ ಝುಬೈರ್ ಪ್ರವಾದಿಯವರ ಸಂಗಾತಿ ಜಾಬಿರ್ ಅವರ ಹದೀಸುಗಳಿಗೆ ಹೆಸರಾದವರು. ಅವರು ಎರಡು ಪುಸ್ತಕ ತೆಗೆದು ಕೊಟ್ಟರು. ಲೈಸ್ ತಗೊಂಡು ಹೊರಟರು. ದಾರಿಯಲ್ಲಿ ತಲೆಗೆ ಬಂತು: ಇವರು ಇದನ್ನೆಲ್ಲ ಜಾಬಿರ್ ಬಾಯಿಂದಲೇ ಕೇಳಿದ್ದಾರಾ? ತಿರುಗಿ ಹೋಗಿ ಕೇಳಿಯೇಬಿಟ್ಟರು. ಕೆಲವು ನಾನು ಕೇಳಿದ್ದು, ಕೆಲವು ಬೇರೆಯವರು ನನಗೆ ಹೇಳಿದ್ದು ಅಂತ ಉತ್ತರ ಬಂತು. ಹಾಗಾದ್ರೆ ನೀವು ಸ್ವತಃ ಕೇಳಿದ್ದಕ್ಕೆ ಗುರುತು ಹಾಕಿ ಕೊಡ್ರಿ ಅಂದರು ಲೈಸ್. ಅವರು ಗುರುತು ಹಾಕಿದರು. ಅವತ್ತು ತಿರುಗಿ ಹೋದ ಆ ಒಂದು ನಡಿಗೆಯ ಬೆಲೆ ಇವತ್ತಿಗೂ ಇದೆ. ಅಬೂ ಝುಬೈರ್ ‘ಅನ್’ ಅಂದಾಗ ಅನುಮಾನ ಪಡೋ ಪರೀಕ್ಷಕರು, ಅದೇ ಹದೀಸ್ ಲೈಸ್ ಮೂಲಕ ಬಂದಿದ್ರೆ ಸುಮ್ಮನಾಗ್ತಾರೆ.

ಹೆಸರು ಅದೇ, ತಂದೆ ಹೆಸರೂ ಅದೇ

ಎರಡನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಕರಣ: ಆಳು ಬದಲಾಗೋದು.

ನಮ್ಮ ಕಡೆ ಹೊಲದ ಉತಾರದಲ್ಲಿ ಹೆಸರು ಹೇಗೆ ಬರೀತಾರೆ? ಮೊದಲು ಅವನ ಹೆಸರು, ಆಮೇಲೆ ತಂದೆ ಹೆಸರು, ಆಮೇಲೆ ಅಡ್ಡಹೆಸರು. ಮಲ್ಲಪ್ಪ ಬಸಪ್ಪ, ಮುಂದೆ ಮನೆತನ. ಈಗ ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಬ್ಬರು ‘ಮಲ್ಲಪ್ಪ ಬಸಪ್ಪ’ ಇದ್ದಾರೆ ಅಂತ ಇಟ್ಟುಕೊಳ್ರಿ. ಒಬ್ಬನ ವ್ಯವಹಾರ ಚೊಕ್ಕ, ಇನ್ನೊಬ್ಬನ ಮೈತುಂಬ ಸಾಲ. ರಾಮದುರ್ಗದಿಂದ ಬಂದ ವ್ಯಾಪಾರಿ ಎರಡನೆಯವನ ಜೊತೆ ವ್ಯವಹಾರ ಮಾಡಿ, ಇವನೇ ಆ ಮೊದಲಿನ ಮನುಷ್ಯ ಅಂತ ತಿಳಿದು, ಕಾಗದದಲ್ಲಿ ಮೊದಲಿನವನ ಅಡ್ಡಹೆಸರು ಬರೆದುಬಿಟ್ಟ. ಕಾಗದ ನೋಡಿದ ತಲಾಠಿಗೆ ಏನೂ ತಪ್ಪು ಕಾಣೋದಿಲ್ಲ. ಹೆಸರು ಪೂರ್ತಿ ಇದೆ, ಆ ಹೆಸರಿನ ಪ್ರಾಮಾಣಿಕ ಮನುಷ್ಯನೂ ಇದ್ದಾನೆ.

ಹದೀಸಿನಲ್ಲಿ ಇದು ನಿಜವಾಗಿಯೂ ನಡೆದಿದೆ. ಹಿಜರಿ ಎರಡನೇ ಶತಮಾನದಲ್ಲಿ ಶಾಮ್ ದೇಶದಲ್ಲಿ, ಅಂದ್ರೆ ಇವತ್ತಿನ ಸಿರಿಯಾ ಕಡೆ, ಇಬ್ಬರು ಇದ್ದರು. ಇಬ್ಬರೂ ಅಬ್ದುರ್ರಹ್ಮಾನ್, ಇಬ್ಬರ ತಂದೆಯೂ ಯಝೀದ್. ಒಬ್ಬರ ಅಜ್ಜ ಜಾಬಿರ್, ಇನ್ನೊಬ್ಬರ ಅಜ್ಜ ತಮೀಮ್. (ಈ ಅಜ್ಜ ಜಾಬಿರ್, ಈಗ ತಾನೇ ಹೇಳಿದ ಸಂಗಾತಿ ಜಾಬಿರ್ ಅಲ್ಲ, ಬೇರೆಯವರು.) ಜಾಬಿರ್ ಮೊಮ್ಮಗ ಗಟ್ಟಿ ನೆನಪಿನ, ನಂಬಿಗಸ್ತ ಮನುಷ್ಯ. ತಮೀಮ್ ಮೊಮ್ಮಗ ದುರ್ಬಲ ಅಂತ ಪರೀಕ್ಷಕರು ತೀರ್ಪು ಕೊಟ್ಟವರು. ನಾವು ಸುಲಭಕ್ಕೆ ಮೊದಲಿನವರನ್ನ ಇಬ್ನ್ ಜಾಬಿರ್, ಎರಡನೆಯವರನ್ನ ಇಬ್ನ್ ತಮೀಮ್ ಅನ್ನೋಣ.

ಇರಾಕಿನ ಕೂಫಾ ಊರಿನ ಅಬೂ ಉಸಾಮಾ ದೊಡ್ಡ ಹದೀಸ್ ಪಂಡಿತರು, ನಂಬಿಗಸ್ತರು. ಅವರು ಅಬ್ದುರ್ರಹ್ಮಾನ್ ಬಿನ್ ಯಝೀದ್ ಅನ್ನೋರಿಂದ ಕೆಲವು ಹದೀಸ್ ಬರೆದುಕೊಂಡರು, ಮುಂದೆ ತಮ್ಮ ಶಿಷ್ಯರಿಗೆ ‘ಇಬ್ನ್ ಜಾಬಿರ್ ಹೇಳಿದರು’ ಅಂತ ಹೇಳಿದರು. ಈ ಸನದು ನೋಡಿದ್ರೆ ಹೇಗಿದೆ? ಎಲ್ಲರೂ ಗಟ್ಟಿ. ಎಲ್ಲೂ ಕೊಂಡಿ ತಪ್ಪಿಲ್ಲ. ಹೆಸರನ್ನ ಅಜ್ಜನ ತನಕ ಬಿಡಿಸಿ ಹೇಳಿದ್ದಾರೆ.

ಇದನ್ನ ಹಿಡಿದವರಲ್ಲಿ ಒಬ್ಬರು ಅಬೂ ಹಾತಿಮ್ ರಾಝಿ. ಇವರು ಇವತ್ತಿನ ಟೆಹರಾನ್ ಪಕ್ಕದ ರಯ್ ಊರಿನವರು, ಹಿಜರಿ 277ರಲ್ಲಿ ತೀರಿಕೊಂಡರು. ಅಂದ್ರೆ ಅಬೂ ಉಸಾಮಾ ಸತ್ತು 76 ವರ್ಷ ಆದ ಮೇಲೆ. ಅವರ ಮಗ ಇಬ್ನ್ ಅಬೀ ಹಾತಿಮ್, ತಂದೆಗೆ ಒಂದೊಂದೇ ಹದೀಸಿನ ಬಗ್ಗೆ ಪ್ರಶ್ನೆ ಕೇಳಿ, ಉತ್ತರ ಬರೆದಿಟ್ಟು ‘ಇಲಲ್’ ಅಂತ ಗ್ರಂಥ ಮಾಡಿದರು. ಅದರಲ್ಲಿ 2,800ಕ್ಕೂ ಹೆಚ್ಚು ಹದೀಸುಗಳ ಒಳರೋಗದ ಚರ್ಚೆ ಇದೆ. ಈ ಪ್ರಕರಣವೂ ಅಲ್ಲಿದೆ.

ಅಬೂ ಹಾತಿಮ್ ವಾದ ಹೇಗೆ ಹೋಗುತ್ತೆ ನೋಡ್ರಿ. ಅವರು ಆ ಒಂದು ಸನದನ್ನ ದಿಟ್ಟಿಸ್ತಾ ಕೂಡಲಿಲ್ಲ, ಅದರ ಸುತ್ತ ಇದ್ದದ್ದನ್ನೆಲ್ಲ ನೋಡಿದರು.

ಮೊದಲ ಪ್ರಶ್ನೆ: ಇಬ್ನ್ ಜಾಬಿರ್ ಅವರಿಂದ ಹದೀಸ್ ಕಲಿತ ಇರಾಕಿನವರು ಯಾರಾದರೂ ಇದ್ದಾರಾ? ಅಬೂ ಹಾತಿಮ್‌ಗೆ ಗೊತ್ತಿರೋ ಹಾಗೆ ಒಬ್ಬರೂ ಇಲ್ಲ. ಹಾಗಾದ್ರೆ ಈ ಕೂಫಾದವರಿಗೆ ಮಾತ್ರ ಅವರು ಸಿಕ್ಕದ್ದು ಹೇಗೆ?

ಎರಡನೇ ಪ್ರಶ್ನೆ: ಇಬ್ನ್ ಜಾಬಿರ್‌ಗೆ ಅವರ ಸ್ವಂತ ನಾಡಿನಲ್ಲೇ ಶಿಷ್ಯರು ಬಹಳ. ಗುರುವಿನ ಹತ್ತಿರ ವರ್ಷಗಟ್ಟಲೆ ಕೂತವರು ಅವರೇ. ಅಬೂ ಉಸಾಮಾ ಹೇಳೋ ಈ ಹದೀಸುಗಳು ಆ ಶಾಮಿನ ಶಿಷ್ಯರ ಹತ್ತಿರ ಇವೆಯಾ? ಒಂದೂ ಇಲ್ಲ. ಊರ ಮಂದಿಗೆ ಗೊತ್ತಿಲ್ಲದ ಮಾತು ಪರ ಊರಿನವನಿಗೆ ಮಾತ್ರ ಗೊತ್ತಿದೆ ಅಂದ್ರೆ ನಿಂತು ಯೋಚನೆ ಮಾಡಬೇಕಾಗುತ್ತೆ.

ಮೂರನೇ ಪ್ರಶ್ನೆ: ಮಾಲು ಎಂಥದು? ಅಬೂ ಉಸಾಮಾ ಈ ದಾರಿಯಲ್ಲಿ ಕಾಸಿಮ್, ಅವರಿಂದ ಮೇಲೆ ಸಂಗಾತಿ ಅಬೂ ಉಮಾಮಾ ಅಂತ ಐದಾರು ಹದೀಸ್ ಹೇಳ್ತಾರೆ. ಅವೆಲ್ಲ ಬೇರೆ ಯಾರೂ ಹೇಳದ, ಒಪ್ಪಲಾಗದ ಮಾತುಗಳು. ಇಬ್ನ್ ಜಾಬಿರ್ ಅವರ ಉಳಿದ ಹದೀಸುಗಳನ್ನ ತೂಗಿ ನೋಡಿದ ಅಬೂ ಹಾತಿಮ್‌ಗೆ, ಇಂಥ ಮಾಲು ಈ ಅಂಗಡಿಯದಲ್ಲ ಅಂತ ಗೊತ್ತಾಯ್ತು. ಆದರೆ ಇಬ್ನ್ ತಮೀಮ್ ಅಂಗಡಿಯಲ್ಲಿ ಇಂಥದೇ ಇರುತ್ತೆ.

ಮೂರೂ ಉತ್ತರ ಒಂದೇ ಕಡೆ ಬೆರಳು ತೋರಿಸ್ತವೆ: ಅಬೂ ಉಸಾಮಾ ಭೇಟಿ ಆದದ್ದು ಇಬ್ನ್ ತಮೀಮ್‌ರನ್ನ. ಹೆಸರು ಕೇಳಿ, ಪ್ರಸಿದ್ಧರಾದ ಇಬ್ನ್ ಜಾಬಿರ್ ಇವರೇ ಅಂದುಕೊಂಡರು. ಇಮಾಮ್ ಬುಖಾರಿಯವರೂ ಕೂಫಾದವರ ಈ ಹದೀಸುಗಳು ಇಬ್ನ್ ತಮೀಮ್‌ದು ಅಂತಲೇ ಹೇಳಿದರು.

ಇಲ್ಲಿಂದ ಮುಂದೆ ವಿಷಯ ಬಿಸಿ ಆಗುತ್ತೆ. ಕೂಫಾದ ಇನ್ನೊಬ್ಬರು ಹುಸೈನ್ ಜುಅಫಿ. ಅವರೂ ‘ಇಬ್ನ್ ಜಾಬಿರ್’ ಅಂತ ಹೇಳಿ ಒಂದು ಹದೀಸ್ ಕೊಟ್ಟಿದ್ದಾರೆ. ಅದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋದೇ. ಶುಕ್ರವಾರ ಶ್ರೇಷ್ಠ ದಿನ, ಅವತ್ತು ನನ್ನ ಮೇಲೆ ದರೂದ್ ಹೆಚ್ಚು ಹೇಳ್ರಿ, ಅದು ನನಗೆ ತಲುಪುತ್ತೆ, ಪ್ರವಾದಿಗಳ ದೇಹವನ್ನ ಮಣ್ಣು ತಿನ್ನೋದಿಲ್ಲ ಅನ್ನೋ ಅರ್ಥದ ಹದೀಸ್. ಅಬೂ ದಾವೂದ್, ನಸಾಈ, ಇಬ್ನ್ ಮಾಜಾ ಸಂಗ್ರಹಗಳಲ್ಲಿದೆ. ಜುಮ್ಮಾ ದಿನ ಫೋನಿಗೆ ಬರೋ ಸಂದೇಶಗಳಲ್ಲೂ ಇರುತ್ತೆ.

ಅಬೂ ಹಾತಿಮ್ ಅದೇ ತೂಕದ ಕಲ್ಲನ್ನ ಇದಕ್ಕೂ ಇಟ್ಟರು. ಹುಸೈನ್ ಕೂಫಾದವರು, ಅಬೂ ಉಸಾಮಾನೂ ಕೂಫಾದವರು. ಇಬ್ಬರಿಗೂ ಸಿಕ್ಕದ್ದು ಅದೇ ಇಬ್ನ್ ತಮೀಮ್ ಇರಬೇಕು. ಈ ಹದೀಸನ್ನ ಹುಸೈನ್ ಬಿಟ್ಟರೆ ಬೇರೆ ಯಾರೂ ಹೇಳಿದ್ದು ನನಗೆ ಗೊತ್ತಿಲ್ಲ, ಇದು ನಿಲ್ಲೋದಿಲ್ಲ ಅಂತ ಅವರ ತೀರ್ಪು. ಮನಸ್ಸಿಗೆ ಹತ್ತಿರವಾದ ಹದೀಸ್ ಅಂತ ಅವರು ತೂಕ ಬದಲಿಸಲಿಲ್ಲ.

ಸುಮಾರು ನೂರು ವರ್ಷದ ನಂತರ ಬಗ್ದಾದಿನ ದಾರಕುತ್ನಿ ಬಂದರು. ಇಲ್ಲತ್ ವಿದ್ಯೆಯಲ್ಲಿ ಅವರದು ಬಹಳ ದೊಡ್ಡ ಹೆಸರು, ಹಿಜರಿ 385ರಲ್ಲಿ ತೀರಿಕೊಂಡರು. ಅವರು ಅರ್ಧ ಒಪ್ಪಿದರು, ಅರ್ಧ ಒಪ್ಪಲಿಲ್ಲ. ಅಬೂ ಉಸಾಮಾ ಎಡವಿದ್ದು ಹೌದು, ಅವರ ಮನುಷ್ಯ ಇಬ್ನ್ ತಮೀಮ್. ಆದರೆ ಹುಸೈನ್ ಅವರ ಮನುಷ್ಯ ಇಬ್ನ್ ಜಾಬಿರೇ ಅಂದರು. ಹುಸೈನ್ ಹುಟ್ಟಿದ್ದು ಹಿಜರಿ 119ರಲ್ಲಿ, ಇಬ್ನ್ ಜಾಬಿರ್ ಸತ್ತದ್ದು 150ರ ದಶಕದಲ್ಲಿ. ಹೀಗಾಗಿ ಇಬ್ಬರ ಭೇಟಿ ಸಾಧ್ಯ ಇತ್ತು. ಇಬ್ನ್ ಖುಝೈಮಾ, ಇಬ್ನ್ ಹಿಬ್ಬಾನ್ ಇಬ್ಬರೂ ಈ ಹದೀಸನ್ನ ತಮ್ಮ ಸಹೀಹ್ ಸಂಗ್ರಹಗಳಲ್ಲಿ ಸೇರಿಸಿದರು. ಮುಂದೆ ಇಬ್ನುಲ್ ಖೈಯಿಮ್ ಕೂಡ ಹುಸೈನ್ ಪರವಾಗಿ ವಾದ ಮಾಡಿದರು.

ಅಂದ್ರೆ ಇವತ್ತಿಗೂ ಇಲ್ಲಿ ಎರಡು ಪಕ್ಷ ಇವೆ. ಎರಡೂ ಕಡೆ ಇರೋದು ಹದೀಸಿನ ಮೇಲೆ ಪ್ರೀತಿ ಇದ್ದವರೇ. ಜಗಳ ಇರೋದು ಒಬ್ಬ ಮನುಷ್ಯನ ಅಜ್ಜನ ಹೆಸರಿನ ಮೇಲೆ. ಮತ್ತೆ ಇನ್ನೊಂದು ಮಾತು ಸ್ಪಷ್ಟ ಇರಲಿ. ಈ ಸನದು ಬಿದ್ದರೂ ದರೂದ್ ಬೀಳೋದಿಲ್ಲ. ದರೂದ್ ಹೇಳಬೇಕು ಅನ್ನೋ ಆಜ್ಞೆ ಕುರಾನಿನ 33ನೇ ಅಧ್ಯಾಯದ 56ನೇ ವಚನದಲ್ಲೇ ಇದೆ. ಪರೀಕ್ಷಕರು ಕೇಳ್ತಿರೋದು ಒಂದೇ: ಈ ನಿರ್ದಿಷ್ಟ ಮಾತುಗಳನ್ನ ಪ್ರವಾದಿಯವರ ಬಾಯಿಗೆ ಹಚ್ಚಲಿಕ್ಕೆ ನಮ್ಮ ಕೈಯಲ್ಲಿರೋ ಆಧಾರ ಸಾಕಾ?

ರೂಢಿ ದಾರಿಗೆ ಬೀಳೋ ಕಾಲು

ಮೂರನೆಯದು ಚಿಕ್ಕದು, ಆದರೆ ಮನುಷ್ಯರ ನೆನಪು ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಚೆನ್ನಾಗಿ ತೋರಿಸುತ್ತೆ. ದಿನಾ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಬೈಕ್ ಓಡಿಸೋನು, ಒಂದು ದಿನ ಬೇರೆ ಊರಿಗೆ ಹೋಗಬೇಕಾಗಿದ್ರೂ ಲಕ್ಷ್ಯ ಇಲ್ಲದೆ ಬೈಲಹೊಂಗಲದ ರಸ್ತೆಗೇ ಹೊರಳ್ತಾನೆ. ನೆನಪಿಗೂ ಹಾಗೇ ರೂಢಿ ದಾರಿ ಇರುತ್ತೆ.

ಮದೀನಾದ ಸುಹೈಲ್ ಅನ್ನೋರ ರೂಢಿ ದಾರಿ ಯಾವುದು? ‘ಸುಹೈಲ್, ಅವರ ತಂದೆ ಅಬೂ ಸಾಲಿಹ್, ಅವರಿಂದ ಮೇಲೆ ಅಬೂ ಹುರೈರಾ, ಅಲ್ಲಿಂದ ಪ್ರವಾದಿ.’ ಇದು ಎಷ್ಟು ಸಲ ಬರುತ್ತೆ ಅಂದ್ರೆ ವಿದ್ಯಾರ್ಥಿಗಳ ನಾಲಿಗೆಗೆ ಒಗ್ಗಿಹೋಗಿರುತ್ತೆ. ಸಭೆಯಿಂದ ಏಳುವಾಗ ಹೇಳೋ ಒಂದು ಪ್ರಾರ್ಥನೆ ಇದೆ, ಅಲ್ಲಿ ಆಡಿದ ಬೇಡದ ಮಾತಿಗೆ ಪರಿಹಾರ ಅದು. ಅದನ್ನ ಇಬ್ನ್ ಜುರೈಜ್, ಮೂಸಾ ಬಿನ್ ಉಕ್ಬಾ ಅವರಿಂದ, ಮೂಸಾ ಸುಹೈಲ್ ಅವರಿಂದ, ಮುಂದೆ ಇದೇ ರೂಢಿ ದಾರಿಯಲ್ಲಿ ಹೇಳಿದ್ದಾರೆ. ನೋಡಲಿಕ್ಕೆ ಸನದು ಥಳಥಳ ಅಂತಿದೆ.

ಇಮಾಮ್ ಮುಸ್ಲಿಮ್ ಇದರ ಬಗ್ಗೆ ಇಮಾಮ್ ಬುಖಾರಿಯವರನ್ನ ಕೇಳಿದ ಪ್ರಸಂಗ ಪ್ರಸಿದ್ಧ. ಬುಖಾರಿಯವರು ಇದರಲ್ಲಿ ಇಲ್ಲತ್ ಇದೆ ಅಂದರು. ಕಾರಣ ಎರಡು. ಮೂಸಾ ಸುಹೈಲ್ ಅವರಿಂದ ಹದೀಸ್ ಕೇಳಿದ್ದು ಎಲ್ಲೂ ತಿಳಿದುಬಂದಿಲ್ಲ. ಮತ್ತು ವುಹೈಬ್ ಅನ್ನೋ ಇನ್ನೊಬ್ಬ ಗಟ್ಟಿ ಮನುಷ್ಯ ಇದೇ ಮಾತನ್ನ ಸುಹೈಲ್ ಅವರಿಂದ ಹೇಳಿದ್ದಾರೆ, ಆದರೆ ದಾರಿ ಬೇರೆ. ಸುಹೈಲ್, ಅವರಿಂದ ಮೇಲೆ ಔನ್ ಬಿನ್ ಅಬ್ದುಲ್ಲಾ. ಅಲ್ಲಿಗೆ ನಿಲ್ಲುತ್ತೆ. ಔನ್ ಪ್ರವಾದಿಯವರ ನಂತರದ ಪೀಳಿಗೆಯವರು. ಅಂದ್ರೆ ಇದು ಔನ್ ಅವರ ಮಾತು, ಪ್ರವಾದಿಯವರ ಮಾತಾಗಿ ಈ ದಾರಿಯಲ್ಲಿ ಸಾಬೀತಾಗೋದಿಲ್ಲ.

ಎರಡರಲ್ಲಿ ವುಹೈಬ್ ಹೇಳಿದ್ದೇ ಸರಿ ಅಂತ ಯಾಕೆ ಆರಿಸಬೇಕು? ತರ್ಕ ಸರಳ. ಮರೆತವನ ಕಾಲು ರೂಢಿ ದಾರಿಗೆ ಬೀಳುತ್ತೆ. ಅಪರೂಪದ ದಾರಿ ಮರೆವಿನಿಂದ ಹುಟ್ಟೋದಿಲ್ಲ. ‘ಸುಹೈಲ್, ಔನ್’ ಅಂತ ಹೇಳಬೇಕಾದ್ರೆ ಅದನ್ನ ವಿಶೇಷವಾಗಿ ನೆನಪಿಟ್ಟಿರಬೇಕು. ಅಬೂ ಹಾತಿಮ್ ಕೂಡ ವುಹೈಬ್ ಕಡೆಗೇ ನಿಂತರು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಬ್ನ್ ಜುರೈಜ್ ನಡುವಿನ ಒಬ್ಬ ದುರ್ಬಲನನ್ನ ಬಿಟ್ಟು ಮೂಸಾ ಹೆಸರು ಹೇಳಿರಬಹುದು ಅಂತಲೂ ಅನುಮಾನ ಪಟ್ಟರು. ಇಬ್ನ್ ಜುರೈಜ್ ತದ್ಲೀಸ್‌ಗೆ ಹೆಸರಾದವರು. ಆದರೂ ಬುಖಾರಿಯವರ ಶಿಷ್ಯರೇ ಆದ ತಿರ್ಮಿಝಿ ಇದೇ ಹದೀಸನ್ನ ತಮ್ಮ ಗ್ರಂಥದಲ್ಲಿ ಸಹೀಹ್ ಅಂತಲೇ ದಾಖಲಿಸಿದ್ದಾರೆ. ಗುರು ಒಂದು ಕಡೆ, ಶಿಷ್ಯ ಇನ್ನೊಂದು ಕಡೆ.

ಇದು ಬರೀ ಊಹೆ ಅಲ್ಲವಾ?

ಈಗ ನಿಮಗೆ ಬರೋ ಪ್ರಶ್ನೆ ಆ ಕಾಲದವರಿಗೂ ಬಂದಿತ್ತು. ಇಷ್ಟೆಲ್ಲ ಅವರ ಮನಸ್ಸಿಗೆ ತೋಚಿದ್ದಲ್ಲವಾ, ಪುರಾವೆ ಏನು ಅಂತ ಒಬ್ಬರು ರಯ್ ಊರಿನ ಅಬೂ ಝುರ್‌ಅಾ ಅವರನ್ನ ನೇರವಾಗಿ ಕೇಳಿದರು. ಅವರು ಪರೀಕ್ಷೆಯ ದಾರಿ ಹೇಳಿಕೊಟ್ಟರು. ಇಲ್ಲತ್ ಇರೋ ಒಂದು ಹದೀಸ್ ಬಗ್ಗೆ ನನ್ನನ್ನ ಕೇಳಿ ಉತ್ತರ ಬರೆದುಕೊಳ್ರಿ. ಆಮೇಲೆ ಇಬ್ನ್ ವಾರಾ ಹತ್ತಿರ ಹೋಗ್ರಿ, ನನ್ನ ಉತ್ತರ ಹೇಳಬೇಡ್ರಿ, ಅವರನ್ನ ಕೇಳ್ರಿ. ಆಮೇಲೆ ಅಬೂ ಹಾತಿಮ್ ಹತ್ತಿರ ಹೋಗ್ರಿ. ಮೂರು ಉತ್ತರ ಬೇರೆ ಬೇರೆ ಬಂದರೆ ನಾವೆಲ್ಲ ಬಾಯಿಗೆ ಬಂದದ್ದು ಹೇಳ್ತಿದ್ದೀವಿ ಅಂತ ತಿಳೀರಿ. ಆ ಮನುಷ್ಯ ಹಾಗೇ ಮಾಡಿದರು. ಮೂರೂ ಉತ್ತರ ಒಂದೇ ಆಗಿದ್ದವು.

ಅಬೂ ಹಾತಿಮ್ ಇದನ್ನ ಸರಾಫನ ಕೆಲಸಕ್ಕೆ ಹೋಲಿಸ್ತಿದ್ದರು. ನಾಣ್ಯ ಕೈಗೆ ತಗೊಂಡ ಸರಾಫ ಇದು ಖೊಟ್ಟಿ ಅಂತಾನೆ. ನಾಣ್ಯ ಟಂಕಿಸೋವಾಗ ಅವನು ಅಲ್ಲಿರಲಿಲ್ಲ, ಯಾರೂ ಅವನ ಕಿವಿಯಲ್ಲಿ ಹೇಳಿಲ್ಲ. ಸಾವಿರಾರು ನಾಣ್ಯ ಕೈಯಲ್ಲಿ ಹಾದುಹೋಗಿವೆ, ಅಷ್ಟೇ. ಈ ವಿದ್ಯೆಯ ಬೇರೂ ಅದೇ. ಒಂದೇ ಸನದು ಎಷ್ಟೇ ದಿಟ್ಟಿಸಿ ನೋಡಿದರೂ ತಪ್ಪು ಕಾಣೋದಿಲ್ಲ. ಅದೇ ಮಾತು ಬಂದ ಎಲ್ಲ ದಾರಿಗಳನ್ನ ತಂದು ಪಕ್ಕದಲ್ಲಿ ಇಟ್ಟಾಗ ಮಾತ್ರ ಕಾಣುತ್ತೆ. ಹೀಗಾಗಿ ಇದರ ಮಿತಿಯೂ ಅಲ್ಲೇ ಇದೆ. ಹೋಲಿಸಲಿಕ್ಕೆ ಬೇರೆ ದಾರಿ ಉಳಿದಿಲ್ಲದ ಕಡೆ, ಹುಸೈನ್ ಜುಅಫಿ ಪ್ರಕರಣದ ಹಾಗೆ, ತೀರ್ಪು ಒಂದು ಬಲವಾದ ಸಾಧ್ಯತೆಯ ಮೇಲೆ ನಿಲ್ಲುತ್ತೆ. ಅಲ್ಲಿ ಅಬೂ ಹಾತಿಮ್ ಮತ್ತು ದಾರಕುತ್ನಿಯಂಥವರೂ ಬೇರೆ ಬೇರೆ ಕಡೆ ನಿಲ್ಲಬಹುದು.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಹದೀಸ್ ಪುಸ್ತಕಗಳಲ್ಲಿ, ಈಗ ಮೊಬೈಲ್ ಆ್ಯಪ್‌ಗಳಲ್ಲೂ, ಎರಡು ಬಗೆಯ ತೀರ್ಪು ಕಾಣ್ತವೆ. ಒಂದು, ‘ಈ ಹದೀಸ್ ಸಹೀಹ್’. ಇನ್ನೊಂದು, ‘ಇದರ ಸನದು ಸಹೀಹ್’. ಎರಡೂ ಒಂದೇ ಅಂತ ಅನ್ನಿಸುತ್ತೆ. ಆದರೆ ಪಳಗಿದವರು ‘ಸನದು ಸಹೀಹ್’ ಅಂತಷ್ಟೇ ಬರೆದು ನಿಲ್ಲಿಸಿದ್ರೆ, ಬಹಳ ಸಲ ಅದಕ್ಕೆ ಕಾರಣ ಇರುತ್ತೆ. ಮೊದಲಿನ ಮೂರು ಶರತ್ತು ನೋಡಿದ್ದೀನಿ, ಹೆಸರುಗಳೆಲ್ಲ ಗಟ್ಟಿ, ಕೊಂಡಿಗಳೂ ಕೂಡಿವೆ. ಉಳಿದ ಎರಡರ ಬಗ್ಗೆ ನಾನಿನ್ನೂ ಮಾತು ಕೊಟ್ಟಿಲ್ಲ ಅಂತ ಅದರ ಅರ್ಥ. ಮುಂದಿನ ಸಲ ಆ ನಾಲ್ಕು ಅಕ್ಷರ ಕಂಡಾಗ, ಅಲ್ಲಿ ಎಷ್ಟು ಹೇಳಿದ್ದಾರೆ, ಎಷ್ಟು ಬಿಟ್ಟಿದ್ದಾರೆ ಅನ್ನೋದು ನಿಮಗೆ ಗೊತ್ತಿರುತ್ತೆ.